ಎಡದಿಂದೊಮ್ಮೆ, ಬಲದಿಂದೊಮ್ಮೆ: ಮಿಠಾಯಿ ಹಂಚುವ ಲೆಕ್ಕ

ಮಕ್ಕಳು ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರಿಗೂ ಒಂದು ಅಂಕ ಇದೆ. ಎಲ್ಲರಿಗೂ ಕನಿಷ್ಠ ಒಂದು ಮಿಠಾಯಿ ಸಿಗಬೇಕು. ಪಕ್ಕದವರಿಗಿಂತ ಹೆಚ್ಚು ಅಂಕ ಪಡೆದ ಮಗುವಿಗೆ ಆ ಪಕ್ಕದವರಿಗಿಂತ ಹೆಚ್ಚು ಮಿಠಾಯಿ ಸಿಗಬೇಕು. ಇಷ್ಟನ್ನೂ ಪಾಲಿಸಿ ಒಟ್ಟು ಎಷ್ಟು ಕಡಿಮೆ ಮಿಠಾಯಿಯಲ್ಲಿ ಮುಗಿಸಬಹುದು? ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ತಯಾರಾಗುವವರು ಅಭ್ಯಾಸ ಮಾಡುವ ಲೀಟ್‌ಕೋಡ್ ಜಾಲತಾಣದಲ್ಲಿ ಇದು 135ನೇ ಪ್ರಶ್ನೆ. ‘ಕಠಿಣ’ ಎಂಬ ಗುಂಪಿಗೆ ಸೇರಿದೆ. ಆದರೂ ಕಾಗದ, ಪೆನ್ಸಿಲು ಇದ್ದರೆ ಯಾರು ಬೇಕಾದರೂ ಬಿಡಿಸಬಹುದು.

ಎಂಟು ಮಕ್ಕಳ ಅಂಕಗಳು ಹೀಗಿವೆ ಎನ್ನೋಣ: 4, 6, 7, 5, 3, 2, 8, 8.

ಕಷ್ಟವಿರುವುದು ಮೂರನೆಯ ಮಗುವಿನಲ್ಲಿ. ಅದರ ಅಂಕ 7. ಎಡಗಡೆಯ 6ಕ್ಕಿಂತಲೂ ಹೆಚ್ಚು, ಬಲಗಡೆಯ 5ಕ್ಕಿಂತಲೂ ಹೆಚ್ಚು. ಎಡದಿಂದ ಹಂಚುತ್ತಾ ಬಂದಾಗ ಬಲಗಡೆಯವರಿಗೆ ಎಷ್ಟು ಸಿಗುತ್ತದೆಂದು ಇನ್ನೂ ಗೊತ್ತಿರುವುದಿಲ್ಲ. ಹಾಗಾಗಿ ಎರಡು ಕಡೆಯ ಹಕ್ಕನ್ನೂ ಒಟ್ಟಿಗೆ ತೀರಿಸಲು ಹೋಗದೆ, ಒಂದೊಂದು ಸುತ್ತಿನಲ್ಲಿ ಒಂದೊಂದು ಕಡೆಯನ್ನು ಮಾತ್ರ ನೋಡುವುದು ಇಲ್ಲಿನ ಉಪಾಯ.

ಮೊದಲ ಸುತ್ತು ಎಡದಿಂದ ಬಲಕ್ಕೆ. ಮೊದಲ ಮಗುವಿಗೆ ಒಂದು ಮಿಠಾಯಿ. ಮುಂದಿನ ಪ್ರತಿ ಮಗುವಿನ ಅಂಕವನ್ನು ಅದರ ಎಡಗಡೆಯವರ ಜೊತೆ ಮಾತ್ರ ಹೋಲಿಸಬೇಕು. ಹೆಚ್ಚಿದ್ದರೆ ಎಡಗಡೆಯವರಿಗಿಂತ ಒಂದು ಜಾಸ್ತಿ, ಇಲ್ಲದಿದ್ದರೆ ಒಂದೇ. ಬರುವ ಉತ್ತರ: 1, 2, 3, 1, 1, 1, 2, 1. ಈಗ ಎಡದ ಹಕ್ಕು ಯಾರದ್ದೂ ಬಾಕಿಯಿಲ್ಲ. ಆದರೆ 5, 3, 2 ಅಂಕದ ಮೂವರೂ ಒಂದೊಂದೇ ಹಿಡಿದು ನಿಂತಿದ್ದಾರೆ. ಅವರಲ್ಲಿ 5 ಮತ್ತು 3ರ ಹಕ್ಕು ಬಲಗಡೆಯಿಂದ ಬರುವಂಥದ್ದು.

ಎರಡನೆಯ ಸುತ್ತು ಬಲದಿಂದ ಎಡಕ್ಕೆ. ಈಗ ಬಲಗಡೆಯವರನ್ನಷ್ಟೇ ನೋಡಿ ಅದೇ ಲೆಕ್ಕ ಹಾಕಿದರೆ, ಎಡದಿಂದ ಓದುವಾಗ ಸಾಲು 1, 1, 4, 3, 2, 1, 1, 1 ಆಗುತ್ತದೆ. ಕೊನೆಗೆ ಪ್ರತಿ ಮಗುವಿಗೂ ಎರಡು ಸಾಲುಗಳಲ್ಲಿ ದೊಡ್ಡದು ಯಾವುದೋ ಅದನ್ನು ಕೊಡಬೇಕು: 1, 2, 4, 3, 2, 1, 2, 1. ಒಟ್ಟು 16 ಮಿಠಾಯಿ.

ದೊಡ್ಡದನ್ನು ಆರಿಸಿದಾಗ ಮೊದಲ ಸುತ್ತಿನ ನ್ಯಾಯ ಕೆಡುವುದಿಲ್ಲವೇ? ಕೆಡುವುದಿಲ್ಲ. 6 ಮತ್ತು 7ರ ಜೋಡಿಯನ್ನೇ ನೋಡಿ. 6ರ ಬಲಗಡೆಯವರ ಅಂಕ ಅದಕ್ಕಿಂತ ಹೆಚ್ಚು, ಆದ್ದರಿಂದ ಎರಡನೆಯ ಸುತ್ತಿನಲ್ಲಿ 6ಕ್ಕೆ ಸಿಗುವುದು ಬರೀ ಒಂದು, ಅದರ ಪಾಲು ಮೊದಲಿದ್ದ ಎರಡರಲ್ಲೇ ನಿಲ್ಲುತ್ತದೆ. 7ರ ಪಾಲು ಮೂರಕ್ಕಿಂತ ಕೆಳಗಿಳಿಯಲಾರದು. ಪ್ರತಿ ಜೋಡಿಗೂ ಇದೇ ಮಾತು ಅನ್ವಯಿಸುತ್ತದೆ. ಇದಕ್ಕಿಂತ ಕಡಿಮೆ ಕೊಡಲೂ ಬರುವುದಿಲ್ಲ: 2, 3, 5, 7 ಎಂದು ಬಲದಿಂದ ಮೂರು ಮೆಟ್ಟಿಲು ಹತ್ತಿ ನಿಂತ ಮಗುವಿಗೆ ನಾಲ್ಕಕ್ಕಿಂತ ಕಡಿಮೆ ಕೊಟ್ಟರೆ ಕೆಳಗಿನ ಯಾರಿಗಾದರೂ ಒಂದೂ ಉಳಿಯದು.

ನನಗೆ ಈ ಲೆಕ್ಕದಲ್ಲಿ ತುಂಬಾ ಹಿಡಿಸಿದ್ದು ಸಾಲಿನ ಕೊನೆಯ ಮಗು. ಅದರ ಅಂಕ 8, ಸಾಲಿನಲ್ಲೇ ಅತಿ ಹೆಚ್ಚು. ಸಿಕ್ಕಿದ್ದು ಮಾತ್ರ ಒಂದೇ ಒಂದು! ಪಕ್ಕದ 8ಕ್ಕೆ ಎರಡು. 5 ಅಂಕದ ಮಗುವಿಗೆ ಮೂರು. ನಿಯಮ ಪಕ್ಕದವರನ್ನಷ್ಟೇ ಹೋಲಿಸುತ್ತದೆ, ದೂರದವರನ್ನಲ್ಲ. ಸಮ ಅಂಕದವರ ಬಗ್ಗೆಯಂತೂ ಏನನ್ನೂ ಹೇಳುವುದಿಲ್ಲ. ಅಂಕಕ್ಕೆ ತಕ್ಕ ಬಹುಮಾನ ಕೊಡಬೇಕೆನ್ನುವವರಿಗೆ ಇದು ಸರಿಯಾದ ದಾರಿಯಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು.

ಎರಡು ಸುತ್ತು ಬೇಡ, ತಪ್ಪು ಕಂಡಲ್ಲೆಲ್ಲ ಒಂದೊಂದು ಮಿಠಾಯಿ ಸೇರಿಸುತ್ತಾ ಎಡದಿಂದ ಮತ್ತೆ ಮತ್ತೆ ನಡೆದರಾಯಿತು ಎನ್ನಬಹುದು. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಆ ಪ್ರಶ್ನೆಯಲ್ಲಿ ಮಕ್ಕಳ ಸಂಖ್ಯೆ 20,000ದವರೆಗೂ ಇರಬಹುದು. ಅಂಕಗಳು ಇಳಿಯುತ್ತಲೇ ಹೋಗುವ ಸಾಲಾದರೆ ಸುಮಾರು 20,000 ಸುತ್ತು, ಅಂದರೆ 40 ಕೋಟಿಯಷ್ಟು ಹೋಲಿಕೆ ಬೇಕಾಗುತ್ತದೆ. ಎರಡು ಸುತ್ತಿನ ವಿಧಾನಕ್ಕೆ 40 ಸಾವಿರ ಹೋಲಿಕೆ ಸಾಕು.

ಪ್ರೋಗ್ರಾಂ ಬರೆಯುವವರು ಎಡವುವುದು ಎರಡನೆಯ ಸುತ್ತಿನಲ್ಲಿ. ದೊಡ್ಡದನ್ನು ಉಳಿಸಿಕೊಳ್ಳುವ ಬದಲು ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಬರೆದುಬಿಡುತ್ತಾರೆ. ನಮ್ಮ ಎಂಟು ಮಕ್ಕಳ ಸಾಲಿನಲ್ಲಿ ಈ ತಪ್ಪು ಕಾಣುವುದೇ ಇಲ್ಲ, ಉತ್ತರ 16 ಎಂದೇ ಬರುತ್ತದೆ. 4, 6, 7, 5 ಎಂಬ ಚಿಕ್ಕ ಸಾಲು ಕೊಟ್ಟರೆ ಬಯಲಾಗುತ್ತದೆ: 7ರ ಪಾಲು ಮೂರರಿಂದ ಎರಡಕ್ಕೆ ಇಳಿದು 6ಕ್ಕೂ 7ಕ್ಕೂ ಸಮವಾಗುತ್ತದೆ.

ಈಗ ನೀವೇ ಒಂದು ಸಾಲು ಮಾಡಿ ನೋಡಿ: 2, 4, 4, 3, 1. ಒಟ್ಟು 9 ಬಂದರೆ ಸರಿ. 11 ಬಂದರೆ ಸಮ ಅಂಕದವರನ್ನೂ ಹೆಚ್ಚು ಅಂಕದವರೆಂದು ಎಣಿಸಿದ್ದೀರಿ, ಎರಡು 4ಗಳ ನಡುವೆ ಇನ್ನೊಮ್ಮೆ ನೋಡಿ.