ಅವಳ ಮಗಳಿಗೆ ನೀವು ಯಾರು?

ವಿಚ್ಛೇದನದ ನಂತರ ಮಗಳೊಂದಿಗೆ ಬದುಕುತ್ತಿರುವ ಹೆಣ್ಣನ್ನು ನೀವು ಪ್ರೀತಿಸುತ್ತಿದ್ದೀರಿ ಎನ್ನೋಣ. ಮಗುವಿಗೆ ಎಂಟು ವರ್ಷ. ಒಂದು ಸಂಜೆ ಊಟಕ್ಕೆ ಕೂತರೂ ಮೊಬೈಲ್ ಬಿಡುತ್ತಿಲ್ಲ. ನೀವು "ಸಾಕು, ಇಡು" ಎಂದಿರಿ. "ನೀವೇನು ನಮ್ಮಪ್ಪನಾ?" ಎಂದು ಅವಳು ತಿರುಗಿಬಿದ್ದಳು.

ಗದರುವ ಹಕ್ಕು ಬರುವುದು ಸಲುಗೆಯಿಂದ. ಆ ಸಲುಗೆ ಬೆಳೆಯಲು ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ನಿಯಮ ಮಾಡುವವಳು ತಾಯಿಯೇ ಆಗಿರಲಿ. "ಊಟದ ಹೊತ್ತಲ್ಲಿ ಮೊಬೈಲ್ ಬೇಡ, ನಾನಿಲ್ಲದಾಗ ಅಂಕಲ್ ನೆನಪಿಸ್ತಾರೆ" ಎಂದು ಅವಳು ಮಗಳೆದುರೇ ಹೇಳಿದ್ದರೆ, ನೀವು "ಅಮ್ಮ ಏನು ಹೇಳಿದ್ದಾರೆ?" ಎಂದಷ್ಟೇ ಕೇಳಿದರೆ ಸಾಕು. ಆಗ ಮಾತು ಅಮ್ಮನದು, ಜಗಳಕ್ಕೆ ಆಸ್ಪದ ಕಡಿಮೆ.

ಭಾನುವಾರ ಅಪ್ಪನ ಮನೆಯಿಂದ ಬಂದ ಮಗು ನಿಮ್ಮತ್ತ ಮುಖ ಊದಿಸಿಕೊಂಡರೆ ಅದು ದ್ವೇಷವೇ ಆಗಿರಬೇಕಿಲ್ಲ. ನಿಮ್ಮನ್ನು ಮೆಚ್ಚಿದರೆ ಅಪ್ಪನಿಗೆ ದ್ರೋಹ ಮಾಡಿದಂತೆ ಎಂಬ ಸಂಕಟ ಎಷ್ಟೋ ಮಕ್ಕಳಿಗಿರುತ್ತದೆ. ಆ ಸಂಜೆ ಅವಳನ್ನು ಅವಳ ಪಾಡಿಗೆ ಬಿಡಿ. ಅಪ್ಪನ ಬಗ್ಗೆ ಕೆದಕಬೇಡಿ, ಹಗುರವಾಗಿಯಂತೂ ಮಾತಾಡಲೇಬೇಡಿ.

ಇದರರ್ಥ ಎಲ್ಲವನ್ನೂ ನುಂಗಿಕೊಳ್ಳಿ ಎಂದಲ್ಲ. ಮಗಳು ನಿಮ್ಮನ್ನು ಅವಮಾನಿಸಿದರೆ ತಾಯಿ ತಡೆಯಲೇಬೇಕು. ಸದಾ "ಚಿಕ್ಕವಳು, ಬಿಡಿ" ಎಂದು ಜಾರಿಕೊಳ್ಳುವವಳೊಡನೆ ಮದುವೆಯ ಮಾತಿಗೆ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಮದುವೆಯಾದರೂ ಕಾನೂನಿನಲ್ಲಿ ನೀವು ತಾನಾಗಿಯೇ ಪಾಲಕರಾಗುವುದಿಲ್ಲ. 1956ರ ಹಿಂದೂ ಪಾಲಕತ್ವ ಕಾಯ್ದೆ ಸಹಜ ಪಾಲಕರ ಸಾಲಿನಿಂದ ಮಲತಂದೆ, ಮಲತಾಯಿಯರನ್ನು ಹೊರಗಿಟ್ಟಿದೆ. ಹಾಗಾಗಿ ಶಾಲೆಯ ಶುಲ್ಕ ನೀವೇ ಕಟ್ಟಿದರೂ ಅವಳ ಪರವಾಗಿ ಪಾಲಕರೆಂದು ಸಹಿ ಹಾಕಬೇಕಾದವರು ಹೆತ್ತವರೇ.