ಎರಡು ತುಪ್ಪಗಳ ಲೆಕ್ಕ

ಖಾನಾಪುರದ ಸಂತೆಯಲ್ಲಿ ಗೌಳಿ ಹೆಂಗಸೊಬ್ಬಳು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಎಮ್ಮೆ ತುಪ್ಪ, ಬೆಳ್ಳಗೆ ಹರಳುಗಟ್ಟಿತ್ತು. ದರ ಕೇಳಿದೆ. “ಒಂಬತ್ತನೂರ ರೀ ಕಿಲೋ.” ಬೆಳಗಾವಿಯ ಅಂಗಡಿಯಲ್ಲಿ ಹಿಂದಿನ ದಿನವಷ್ಟೇ ₹340ರ ಚೀಟಿ ಹಚ್ಚಿದ್ದ ಕಿಲೋ ಡಬ್ಬಿ ನೋಡಿದ್ದೆ, ಅದನ್ನೂ ಹೇಳಿದೆ. ಆಕೆಗೆ ಸಿಟ್ಟು ಬರಲಿಲ್ಲ. “ಹದಿನೆಂಟ ಲೀಟರ್ ಹಾಲು ಹೋಗೇತ್ರಿ ಇದಕ್ಕ. ಅವರ ಹಾಲು ಎಷ್ಟಕ್ಕ ಸಿಗತೈತಿ ಕೇಳ್ಕೊಂಡ ಬರ್ರಿ” ಎಂದಳು.

ಕೇಳಬೇಕಾದ ಪ್ರಶ್ನೆ ಅದೇ. ಎಮ್ಮೆ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 6.5. ತುಪ್ಪವೆಂದರೆ ಹೆಚ್ಚುಕಡಿಮೆ ಬರೀ ಕೊಬ್ಬು. ಅದರಲ್ಲಿ ನೀರು ಶೇ. 0.5 ದಾಟಬಾರದು. ಹಾಗಾಗಿ ಒಂದು ಕಿಲೋ ತುಪ್ಪಕ್ಕೆ ಯಂತ್ರದಲ್ಲಿ ಕೆನೆ ತೆಗೆದರೂ ಸುಮಾರು 16 ಲೀಟರ್ ಹಾಲು ಬೇಕು. ಮನೆಯಲ್ಲಿ ಕಡೆದರೆ ಒಂದಿಷ್ಟು ಕೊಬ್ಬು ಮಜ್ಜಿಗೆಯಲ್ಲೇ ಉಳಿಯುತ್ತದೆ, ಆಗ 18 ಲೀಟರ್ ಆಗುತ್ತದೆ. ಆಕಳ ಹಾಲಾದರೆ 28ರಿಂದ 30.

ಎಮ್ಮೆ ಹಾಲು ಲೀಟರಿಗೆ ₹50 ಎಂದು ಹಿಡಿಯೋಣ. 16 ಲೀಟರಿಗೆ ₹800. ಹಾಗಾದರೆ ಡೇರಿ ತುಪ್ಪ ₹600ಕ್ಕೆ ಸಿಕ್ಕರೆ ಅದೂ ಮೋಸವೇ? ಇಲ್ಲ. ಇಲ್ಲಿ ಹಲವರು ಲೆಕ್ಕ ತಪ್ಪುತ್ತಾರೆ. ಕೆನೆ ತೆಗೆದ ಹಾಲನ್ನು ಡೇರಿ ಚೆಲ್ಲುವುದಿಲ್ಲ, ಒಣಗಿಸಿ ಪುಡಿ ಮಾಡುತ್ತದೆ. ಈ 16 ಲೀಟರಿನಿಂದ ಸುಮಾರು 1.4 ಕಿಲೋ ಪುಡಿ ಬರುತ್ತದೆ. ಪುಡಿಗೆ ಕಿಲೋಗೆ ₹250 ಸಿಕ್ಕರೆ ₹350. ಒಣಗಿಸುವ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ₹300. ಅಂದರೆ ಕೊಬ್ಬಿನ ತಲೆಗೆ ಬೀಳುವುದು ₹500. ಆಕಳ ಹಾಲನ್ನು ₹35ರಂತೆ ಇಟ್ಟು ಇದೇ ಲೆಕ್ಕ ಹಾಕಿದರೆ ಉತ್ತರ ಅದರ ಹತ್ತಿರವೇ ಬರುತ್ತದೆ. ಇದಿನ್ನೂ ಬರೀ ಕಚ್ಚಾ ಮಾಲಿನ ಬೆಲೆ. ಕಾಸುವ ಉರುವಲು, ಡಬ್ಬಿ, ಲಾರಿ ಬಾಡಿಗೆ, ಅಂಗಡಿಯವನ ಲಾಭ, ತೆರಿಗೆ ಎಲ್ಲ ಇದರ ಮೇಲೆ ಕೂರಬೇಕು. ಸಂತೆಯ ಹೆಂಗಸಿಗೆ ಪುಡಿಯ ದುಡ್ಡು ಸಿಗುವುದಿಲ್ಲ, ಅವಳ ಮಜ್ಜಿಗೆಗೆ ಊರಿನಲ್ಲಿ ಬೆಲೆಯೂ ಇಲ್ಲ. ಅವಳ ₹900 ದುಬಾರಿ ಅನ್ನಿಸಿದರೂ ಸುಳ್ಳಲ್ಲ. ಹಾಲಿನ ದರ ಏರಿಳಿದಂತೆ ಈ ಅಂಕಿಗಳು ಸರಿದಾಡುತ್ತವೆ. ಆದರೆ ₹340ರ ಡಬ್ಬಿ ಈ ಲೆಕ್ಕದೊಳಗೆ ಯಾವ ದಾರಿಯಿಂದಲೂ ಹೊಗುವುದಿಲ್ಲ.

ತಿರುಪತಿಯ ಲಡ್ಡಿನ ಗಲಾಟೆಯ ಬುಡದಲ್ಲೂ ಇದ್ದದ್ದು ಈ ಲೆಕ್ಕವೇ. 2023ರಲ್ಲಿ ನಮ್ಮ ಕೆಎಂಎಫ್, ಕೇಳಿದಷ್ಟು ಕಡಿಮೆ ದರಕ್ಕೆ ನಂದಿನಿ ತುಪ್ಪ ಕೊಡಲಾಗದೆ ಅಲ್ಲಿನ ಟೆಂಡರಿನಿಂದ ಹೊರಗುಳಿಯಿತು. ಮುಂದೆ ದೇವಸ್ಥಾನಕ್ಕೆ ಕಿಲೋಗೆ ₹320ರ ಆಸುಪಾಸಿನ ತುಪ್ಪವೂ ಬಂತು. ಆನಂದ್‌ನ ಎನ್‌ಡಿಡಿಬಿ ಪ್ರಯೋಗಾಲಯದ ವರದಿ 2024ರ ಸೆಪ್ಟೆಂಬರಿನಲ್ಲಿ ಹೊರಬಿದ್ದಾಗ, ಮಾದರಿಯಲ್ಲಿ ಹಾಲಿನದಲ್ಲದ ಕೊಬ್ಬಿನ ಸೂಚನೆ ಇತ್ತು. ದೇಶವೆಲ್ಲ ಯಾವ ಕೊಬ್ಬು ಎಂದು ಜಗಳಾಡಿತು. ಹಾಲಿನ ಲೆಕ್ಕ ಬಲ್ಲವರಿಗೆ ದರ ಕಂಡಾಗಲೇ ಅನುಮಾನ ಬಂದಿರಬೇಕು.

ದರವನ್ನೇಕೆ ನೋಡಬೇಕು, ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ ಎನ್ನಬಹುದು. ಆದರೆ ಪರೀಕ್ಷೆಯಲ್ಲೂ ಸಂದುಗಳಿವೆ. ಎಮ್ಮೆ, ಆಕಳುಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸುತ್ತವೆ. ಆ ಹುದುಗಿನಿಂದ ಕೆಚ್ಚಲು ಬ್ಯುಟಿರಿಕ್‌ನಂಥ ಪುಟ್ಟ ಕೊಬ್ಬಿನಾಮ್ಲಗಳನ್ನು ಕಟ್ಟುತ್ತದೆ. ಅವು ಬೇಗ ಆವಿಯಾಗುತ್ತವೆ, ನೀರಿನಲ್ಲಿ ಕರಗುತ್ತವೆ. ಅವುಗಳ ಪ್ರಮಾಣ ಅಳೆಯುವುದೇ ಆರ್‌.ಎಂ. ಸಂಖ್ಯೆ. ತಾಳೆ ಎಣ್ಣೆಯಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಒಳ್ಳೆಯ ತುಪ್ಪದ ಸಂಖ್ಯೆ 32 ಇತ್ತೆನ್ನಿ. ಅದಕ್ಕೆ ಐದರಲ್ಲೊಂದು ಪಾಲು ತಾಳೆ ಎಣ್ಣೆ ಬೆರೆಸಿದರೂ 25ರ ಮೇಲೇ ಉಳಿಯುತ್ತದೆ. ಕನಿಷ್ಠ ಮಿತಿ 24 ಇರುವಲ್ಲಿ ಅದು ಪಾಸು! ಮಿತಿಯನ್ನೇ ಏರಿಸೋಣವೆಂದರೆ ಮೇವು ಬದಲಾದಂತೆ ಅಪ್ಪಟ ತುಪ್ಪದ ಸಂಖ್ಯೆಯೂ ಬದಲಾಗುತ್ತದೆ. ಹತ್ತಿಕಾಳು ತಿಂದ ಎಮ್ಮೆಯ ತುಪ್ಪದಲ್ಲಿ ಅದು ಇಳಿಯುತ್ತದೆ. ಹಳೆಯ ಕಲಬೆರಕೆ ತಡೆ ನಿಯಮಗಳಲ್ಲಿ ತುಪ್ಪದ ಗುಣಮಟ್ಟದ ಪಟ್ಟಿ ನೋಡಿದರೆ ಕರ್ನಾಟಕಕ್ಕೆ ಎರಡು ಸಾಲು: ಬೆಳಗಾವಿ ಜಿಲ್ಲೆಗೆ ಒಂದು, ಉಳಿದ ಜಿಲ್ಲೆಗಳಿಗೆಲ್ಲ ಇನ್ನೊಂದು. ನಮ್ಮ ಜಿಲ್ಲೆಗೆ ಅಷ್ಟು ಗೌರವ!

ವನಸ್ಪತಿಗೆ ಎಳ್ಳೆಣ್ಣೆ ಬೆರೆಸಲೇಬೇಕೆಂಬ ಕಾನೂನು ಬಂದದ್ದು ಅದನ್ನು ತುಪ್ಪಕ್ಕೆ ಸೇರಿಸುವ ಕಳ್ಳನನ್ನು ಹಿಡಿಯಲಿಕ್ಕೆ. ಎಳ್ಳೆಣ್ಣೆ ಇದ್ದರೆ ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಏಳುತ್ತದೆ. ಕಳ್ಳ ವನಸ್ಪತಿ ಬಿಟ್ಟು ನೇರವಾಗಿ ತಾಳೆ ಎಣ್ಣೆ ಸುರಿದರೆ ಬಣ್ಣವೇ ಇಲ್ಲ. ಒಂದೊಂದು ಕೊಬ್ಬಿನಾಮ್ಲವನ್ನೂ ಬಿಡಿಸಿ ತೋರಿಸುವ ಯಂತ್ರ ಅವನನ್ನು ಹಿಡಿಯುತ್ತದೆ, ಆದರೆ ಅದು ಅಡುಗೆಮನೆಯಲ್ಲಿ ಇರುವಂಥದ್ದಲ್ಲ. ಅಂಗೈಗೆ ತಿಕ್ಕಿ ನೋಡುವುದು, ಹರಳು ನೋಡುವುದು ನಂಬಲಿಕ್ಕಾಗದು. ಹರಳು ವನಸ್ಪತಿಯಲ್ಲೂ ಕಟ್ಟುತ್ತದೆ.

ಕನ್ನಡಕ್ಕೆ ಜೇನೂ ತುಪ್ಪವೇ. ಅದರ ಲೆಕ್ಕ ಹಾಲಿನಿಂದಲ್ಲ, ಹೂವಿನಿಂದ ಶುರುವಾಗುತ್ತದೆ. ಮಕರಂದದಲ್ಲಿ ಸಕ್ಕರೆ ಶೇ. 30ರಷ್ಟಿದ್ದರೆ, ಒಂದು ಕಿಲೋ ಜೇನಿಗೆ ಸುಮಾರು 2.7 ಕಿಲೋ ಮಕರಂದ ಬೇಕು. ಒಂದು ಹುಳ ಒಂದು ಸಲಕ್ಕೆ ಹೊರುವುದು ಹೆಚ್ಚೆಂದರೆ ಮೂವತ್ತೋ ನಲವತ್ತೋ ಮಿಲಿಗ್ರಾಂ. ಲಕ್ಷದ ಆಸುಪಾಸಿನಷ್ಟು ಓಡಾಟ. ಹುಳಕ್ಕೆ ಕೂಲಿ ಇಲ್ಲ, ನಿಜ. ಆದರೆ ಖಾನಾಪುರದ ಕಾಡಿನ ಹೆಜ್ಜೇನು ಎತ್ತರದ ಮರಕ್ಕೋ ಬಂಡೆಗೋ ಕಟ್ಟುತ್ತದೆ, ಅದನ್ನು ಇಳಿಸಲಿಕ್ಕೆ ರಾತ್ರಿ ಹಗ್ಗ ಹಿಡಿದು ಏರಬೇಕು. ತುಡುವೆಯನ್ನು ಪೆಟ್ಟಿಗೆಯಲ್ಲಿ ಸಾಕಿದರೂ ವರ್ಷಕ್ಕೆ ಸಿಗುವುದು ಕೆಲವೇ ಕಿಲೋ. ಉತ್ತರದ ಸಾಸಿವೆ ಹೊಲಗಳಿಗೆ ಲಾರಿಯಲ್ಲಿ ಸಾಗುವ ವಿದೇಶಿ ಜೇನುಹುಳದ ಪೆಟ್ಟಿಗೆ ಅದರ ನಾಲ್ಕೈದು ಪಟ್ಟು ಕೊಡಬಲ್ಲದು. ಆದ್ದರಿಂದ ಜೇನಿಗೆ ಒಂದೇ ತಳದರ ಇಲ್ಲ. ಅಗ್ಗದ ಸಾಸಿವೆ ಜೇನು ಅಪ್ಪಟವೂ ಆಗಿರಬಹುದು. ಅದೇ ದರಕ್ಕೆ ‘ಕಾಡುಜೇನು’ ಎಂದು ಬರೆದಿದ್ದರೆ ಮಾತ್ರ ಸಂಶಯಪಡಬೇಕು. 2020ರಲ್ಲಿ ಕೇಂದ್ರ ಸರ್ಕಾರ ಕಾಡುಜೇನಿಗೆ ನಿಗದಿ ಮಾಡಿದ ಕನಿಷ್ಠ ಬೆಂಬಲ ಬೆಲೆಯೇ ಕಿಲೋಗೆ ₹225, ಅದೂ ಸೋಸದ, ತುಂಬದ ಜೇನಿಗೆ. ಮಲೆನಾಡಿನ ಅಂಚಿನ ಜೇನಿನಲ್ಲಿ ನೀರು ಹೆಚ್ಚು; ಶೇ. 20ಕ್ಕಿಂತ ಕೆಳಗೆ ಇಳಿಸದಿದ್ದರೆ ಹುಳಿಯಾಗುತ್ತದೆ, ಇಳಿಸಿದರೆ ತೂಕ ಕಳೆಯುತ್ತದೆ.

ಜೇನಿನ ಕಲಬೆರಕೆಗೆ ಮೊದಲೆಲ್ಲ ಕಬ್ಬಿನ, ಮೆಕ್ಕೆಜೋಳದ ಪಾಕ ಬರುತ್ತಿತ್ತು. ಈ ಎರಡು ಬೆಳೆಗಳು ಗಾಳಿಯಿಂದ ಇಂಗಾಲ ಹಿಡಿಯುವ ಬಗೆ ಹೂಗಿಡಗಳಿಗಿಂತ ಬೇರೆ. ಭಾರದ ಇಂಗಾಲದ ಪ್ರಮಾಣದಲ್ಲಿ ಅದರ ಗುರುತು ಉಳಿದು ಸಿಕ್ಕಿಬೀಳುತ್ತಿದ್ದವು. ಅಕ್ಕಿಯ ಪಾಕ ಬಂದಮೇಲೆ ಆ ಪರೀಕ್ಷೆ ಕೈಕೊಟ್ಟಿತು, ಏಕೆಂದರೆ ಭತ್ತ ಇಂಗಾಲ ಹಿಡಿಯುವುದೂ ಹೂಗಿಡಗಳ ಹಾಗೆಯೇ. 2020ರ ಡಿಸೆಂಬರಿನಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ 13 ಬ್ರ್ಯಾಂಡುಗಳ ಜೇನನ್ನು ಜರ್ಮನಿಯಲ್ಲಿ ಎನ್‌ಎಂಆರ್ ಪರೀಕ್ಷೆಗೆ ಒಡ್ಡಿದಾಗ 10 ಸೋತವು. ನಮ್ಮ ದೇಶದ ಮಾಮೂಲಿ ಪರೀಕ್ಷೆಗಳಲ್ಲಿ ದೊಡ್ಡ ಬ್ರ್ಯಾಂಡುಗಳ ಪೈಕಿ ಹೆಚ್ಚಿನವು ಪಾಸಾಗಿದ್ದವು. ನೀರಿಗೆ ಹಾಕಿ, ಬತ್ತಿ ಅದ್ದಿ ಹಚ್ಚಿ ನೋಡುವ ನಮ್ಮ ಮನೆಯ ಪರೀಕ್ಷೆ ಅಕ್ಕಿಪಾಕದ ಮುಂದೆ ಯಾವ ಲೆಕ್ಕ? ಜೇನು ತಳದಲ್ಲಿ ಸಕ್ಕರೆಯಂತೆ ಗಟ್ಟಿಯಾದರೆ ಎಷ್ಟೋ ಮಂದಿ ಬಿಸಾಡುತ್ತಾರೆ. ಅದು ಜೇನಿನ ಸಹಜ ಗುಣ, ಸಾಸಿವೆ ಜೇನಂತೂ ಬೇಗ ಗಟ್ಟಿಯಾಗುತ್ತದೆ.

ಬೆಳಗಾವಿಗೆ ಮರಳಿದ ಮೇಲೆ ಆ ₹340ರ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡೆ. ಮುಂದೆ ಆಕಳ ಚಿತ್ರ, ದೊಡ್ಡಕ್ಷರದಲ್ಲಿ ಘೀ. ಹಿಂದೆ ತಿರುವಿ ಕನ್ನಡಕ ಏರಿಸಿದರೆ ಸಾಸಿವೆಕಾಳಿನಷ್ಟು ಅಕ್ಷರದಲ್ಲಿ: ದೀಪಕ್ಕೆ ಮಾತ್ರ, ತಿನ್ನಲು ಅಲ್ಲ. ಅಂಗಡಿಯವನಿಗೆ ತೋರಿಸಿದೆ.

“ಗೊತ್ತೈತ್ರಿ ಸರ, ಬರದಾರಲ್ರಿ ಅವರು” ಎಂದ. “ಹೋಳಿಗಿ ಮಾಡಾಕ ಒಯ್ಯೋರು ಹಿಂದಿಂದು ಓದೂದಿಲ್ಲ.”