ಹಳೆಯ ಪಿಎಸ್4 ಕೊಳ್ಳುವ ಮುನ್ನ

ಹಳೆಯ ಪ್ಲೇಸ್ಟೇಷನ್ 4 ಕೊಳ್ಳುವಾಗ ಅದು ಆನ್ ಆಗುವುದನ್ನಷ್ಟೇ ನೋಡಿ ಹಣ ಕೊಡಬೇಡಿ. ಟಿವಿ ಇರುವ ಕಡೆಯೇ ಭೇಟಿಯಾಗಿ, ಒಂದು ಗೇಮ್ ಡಿಸ್ಕ್ ಜೊತೆಗಿರಲಿ.

ಮೊದಲು ಎಚ್‌ಡಿಎಂಐ ಪೋರ್ಟ್‌ನೊಳಗೆ ಟಾರ್ಚ್ ಬಿಡಿ. ಪಿನ್ ಬಾಗಿರಬಾರದು, ಕೇಬಲ್ ಮೆಲ್ಲಗೆ ಅಲುಗಿಸಿದಾಗ ಚಿತ್ರ ಹೋಗಬಾರದು. ಯುಎಸ್‌ಬಿ ಪೋರ್ಟ್‌ಗಳಿಗೂ ಕಂಟ್ರೋಲರ್ ಜೋಡಿಸಿ ನೋಡಿ.

ಡಿಸ್ಕ್ ಹಾಕಿ ಗೇಮ್ ಶುರುಮಾಡಿ, ಹೊರತೆಗೆದು ಮತ್ತೆ ಹಾಕಿ. ಡ್ರೈವ್‌ನ ಸರ್ಕ್ಯೂಟ್ ಬೋರ್ಡ್ ಆಯಾ ಕನ್ಸೋಲ್‌ಗೇ ಜೋಡಿಯಾಗಿರುವುದರಿಂದ ಬೇರೆಯದರ ಬೋರ್ಡ್ ಹಾಕಿದರೆ ಗೇಮ್ ಓದದು.

ಭಾರಿ ಗೇಮ್ ಅರ್ಧ ಗಂಟೆ ಆಡಿ. ಫ್ಯಾನ್ ಅಬ್ಬರಿಸಿದರೆ ಧೂಳು ತುಂಬಿರಬಹುದು ಅಥವಾ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದು ರಿಪೇರಿಯಾಗುತ್ತದೆ, ಬೆಲೆ ಇಳಿಸಿ ಕೇಳಿ. ತಾನಾಗಿ ಆಫ್ ಆದರೆ ಬೇಡವೆನ್ನಿ. ಅದೇ ಆಟದಲ್ಲಿ ಕಂಟ್ರೋಲರ್‌ನ ಕಡ್ಡಿಯಿಂದ ಬೆರಳು ತೆಗೆಯಿರಿ. ಪಾತ್ರ ತಾನಾಗಿ ನಡೆದರೆ ಕಡ್ಡಿ ಸವೆದಿದೆ.

ಕೊನೆಗೆ ನಿಮ್ಮ ಖಾತೆಯಿಂದ ಪಿಎಸ್‌ಎನ್‌ಗೆ ಲಾಗಿನ್ ಆಗಿ. ಸೋನಿ ನಿಷೇಧಿಸಿದ ಯಂತ್ರವಾದರೆ ದೋಷದ ಸಂಕೇತ ಕಾಣುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೂ ಆ ನಿಷೇಧ ಹೋಗದು. ಎಲ್ಲ ಸರಿಯಿದ್ದರೆ, ಮಾರುವವರು ತಮ್ಮ ಖಾತೆ ತೆಗೆದು ನಿಮ್ಮೆದುರೇ ರೀಸೆಟ್ ಮಾಡಿದ ಮೇಲೆಯೇ ಹಣ ಕೊಡಿ.